ಸರದಿಯಲ್ಲಿ ನಿಂತ ಗುಂಡು

ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಬಿಡಿ ಮನೆಯಲ್ಲಿ ಸರಾಗ ಓಡುವ ಪ್ಲೇಸ್ಟೇಷನ್ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬಂದೊಡನೆ ತಡವರಿಸಿದರೆ, ಬೈಗುಳವೆಲ್ಲ ನೆಟ್ ಕಂಪನಿಗೆ. ಆದರೆ ವೈ-ಫೈನ 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ. ಇಡೀ ಕಟ್ಟಡದ ರೂಟರ್‌ಗಳು ಅವುಗಳಲ್ಲೇ ತೂರಿಕೊಳ್ಳಬೇಕು. ಒಂದು ಮಾತಾಡಿದರೆ ಅದೇ ಚಾನೆಲ್‌ನ ಉಳಿದವು ಬಾಯಿ ಮುಚ್ಚಬೇಕು. ಪಕ್ಕದ ಮನೆಯ ಅಜ್ಜಿ ಧಾರಾವಾಹಿ ಹಚ್ಚಿದರೆ ನಿಮ್ಮ ಗುಂಡು ಸರದಿಯಲ್ಲಿ ನಿಲ್ಲುತ್ತದೆ! ವೈ-ಫೈನಲ್ಲಿರುವ ಲ್ಯಾಪ್‌ಟಾಪಿನಿಂದ ರೂಟರಿಗೇ ಪಿಂಗ್ ಕೊಟ್ಟು ನೋಡಿ: ಮಧ್ಯಾಹ್ನ 3 ಮಿಲಿಸೆಕೆಂಡ್ ಇದ್ದದ್ದು ರಾತ್ರಿ 3, 80, 5 ಎಂದು ಕುಣಿದರೆ ರೋಗ ಗಾಳಿಯಲ್ಲಿದೆ, ದುಬಾರಿ ಪ್ಲಾನ್ ಅದಕ್ಕೆ ಮದ್ದಲ್ಲ.

5 ಗಿಗಾಹರ್ಟ್ಸ್ ಇದೆಯಲ್ಲ ಎನ್ನುವಿರಾ? ಇದೆ, ಚಾನೆಲ್‌ಗಳೂ ಹೆಚ್ಚು. ಕಾಂಕ್ರೀಟ್ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ, ಅಷ್ಟೆ. ರೂಟರ್ ಪ್ಲೇಸ್ಟೇಷನ್ ಇರುವ ಕೋಣೆಯಲ್ಲೇ ಇದ್ದರೆ ಸಾಕು. ಇಲ್ಲವಾದರೆ 100 ಮೀಟರ್‌ವರೆಗೂ ದಣಿಯದ ಕ್ಯಾಟ್ 5ಇ ಕೇಬಲ್ಲೇ ಸರಿ. ಅದು ಕಾಲಿಗೆ ತೊಡರುತ್ತದೆಂಬ ಅಮ್ಮಂದಿರ ತಕರಾರು ಮಾತ್ರ ನ್ಯಾಯವಾದದ್ದು. ಗೋಡೆಯಂಚಿಗೆ ಕ್ಲಿಪ್ ಹೊಡೆಯಲೇಬೇಕು.