ಬರದ ಬಗ್ಗೆ ಇನ್ನೂ ತಣ್ಣಗೆ ಬರೆಯಿರಿ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ವಿಷಯಕೋಶಕ್ಕೆ ಬರಗಾಲದ ಲೇಖನ ತಿದ್ದುತ್ತಿರುವ ಸಂಪಾದಕರಿಗೆ ಶರಣು.

ನಾನು ಕಳಿಸಿದ್ದ ಎಂಟು ಪುಟ ಒಂದೂವರೆ ಪುಟವಾಗಿ ತಿರುಗಿ ಬಂದಿದೆ. ಅಂಚಿನಲ್ಲಿ ನೀವು ಬರೆದದ್ದು ಇಷ್ಟೇ: ‘ಭಾವಾವೇಶ ಬೇಡ, ಶಾಂತ ಶೈಲಿ ಇರಲಿ.’ ಮೊದಲ ದಿನ ಸಿಟ್ಟು ಬಂತು. ಎರಡನೆಯ ದಿನ ನನ್ನ ಮೂಲವನ್ನೂ ನಿಮ್ಮ ತಿದ್ದುಪಡಿಯನ್ನೂ ಪಕ್ಕಪಕ್ಕ ಇಟ್ಟು ಓದಿದೆ. ‘ಹೃದಯ ವಿದ್ರಾವಕ’, ‘ಹೆಣಗಳ ರಾಶಿ’, ‘ರಾಕ್ಷಸೀ ಆಡಳಿತ’ ಎಂಬವನ್ನು ನೀವು ಹೊಡೆದು ಹಾಕಿದ್ದು ಸರಿಯೇ. ಆ ಮಾತುಗಳನ್ನು ಯಾವ ಊರಿನ ಯಾವ ಬರಕ್ಕಾದರೂ ಅಂಟಿಸಬಹುದು. ನನ್ನ ದೂರು ಬೇರೆ. ನಿಮ್ಮ ಲೇಖನ ಇನ್ನೂ ಸಾಕಷ್ಟು ಶಾಂತವಾಗಿಲ್ಲ. ಇನ್ನಷ್ಟು ತಣ್ಣಗೆ ಬರೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ.

ನಿಮ್ಮ ಮೊದಲ ವಾಕ್ಯ ಹೀಗಿದೆ: ‘1876ರಲ್ಲಿ ಪ್ರಕೃತಿಯ ಮುನಿಸಿನಿಂದಾಗಿ ಈ ಭಾಗದಲ್ಲಿ ಆಹಾರದ ಅಭಾವ ಉಂಟಾಗಿ, ದುರದೃಷ್ಟವಶಾತ್ ಜನಸಂಖ್ಯೆಯಲ್ಲಿ ಗಣನೀಯ ಇಳಿಕೆ ಕಂಡುಬಂದಿತು.’ ಪ್ರಕೃತಿ ಮುನಿಯುತ್ತದೆ ಎನ್ನುವುದು ಭಾವಾವೇಶವಲ್ಲವೇ? ‘ದುರದೃಷ್ಟವಶಾತ್’ ಎಂಬುದು ತೀರ್ಪು. ಅದೃಷ್ಟ ಕೆಟ್ಟದ್ದರಿಂದ ಜನ ಸತ್ತರು, ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ ಎಂಬ ತೀರ್ಪು ಅದು. ನನ್ನ ‘ರಾಕ್ಷಸೀ’ ಹೋದ ದಾರಿಯಲ್ಲೇ ಇವೆರಡೂ ಹೋಗಲಿ.

ಅವನ್ನು ತೆಗೆದರೆ ಆ ಜಾಗದಲ್ಲಿ ಮಳೆ ಬರುತ್ತದೆ. ರೋಣ, ನರಗುಂದದ ಎರೆ ನೆಲದಲ್ಲಿ ಊಟದ ಜೋಳ ಹಿಂಗಾರಿ ಬೆಳೆ. ಮುಂಗಾರು ನೆಲಕ್ಕೆ ಕುಡಿಸಿದ ನೀರಿನ ಮೇಲೆ, ಉತ್ತರಿ, ಹಸ್ತದ ಹದಕ್ಕೆ ಬಿತ್ತಿದರೆ, ಮುಂದೆ ಮಳೆಯಾಗದಿದ್ದರೂ ಎರೆ ತನ್ನ ಒಡಲ ತೇವದಲ್ಲೇ ತೆನೆ ಕಟ್ಟಿಸುತ್ತದೆ. ಹಾಗಾಗಿ ಒಂದು ಮಳೆ ತಪ್ಪಿದರೆ ಇಲ್ಲಿಯ ಒಕ್ಕಲಿಗ ಹೆದರುವುದಿಲ್ಲ. 1876ರಲ್ಲಿ ಎರಡೂ ಕೈಕೊಟ್ಟವು. ಮುಂಗಾರು ಅರೆಬರೆಯಾಯಿತು, ಹಿಂಗಾರಿಯೂ ಬರಲಿಲ್ಲ. ಬಾಯ್ದೆರೆದ ಎರೆಯಲ್ಲಿ ಕೂರಿಗೆ ಹೂಡುವುದೇ ಆಗದು. ಬಾವಿಗಳಲ್ಲಿ ಉಳಿದದ್ದು ಸವುಳು ನೀರು. ಇಷ್ಟನ್ನು ಬರೆಯಲು ಯಾರೂ ದನಿ ಏರಿಸಬೇಕಾಗಿಲ್ಲ. ‘ಅಭಾವ ಉಂಟಾಗಿ’ ಎಂಬಲ್ಲಿ ಕಾಣದ ಹೊಲ ಇಲ್ಲಿ ಕಣ್ಣಿಗೆ ಬೀಳುತ್ತದೆ.

ಒಂದು ಚಿಕ್ಕ ತಪ್ಪನ್ನೂ ತಿದ್ದಿಬಿಡಿ. ನೀವು ‘ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳಲ್ಲಿ’ ಎಂದಿದ್ದೀರಿ. ಆಗ ನರಗುಂದ ನವಲಗುಂದ ತಾಲ್ಲೂಕಿನಲ್ಲಿತ್ತು, ಗಜೇಂದ್ರಗಡ ರೋಣ ತಾಲ್ಲೂಕಿನಲ್ಲಿತ್ತು. ಎಲ್ಲವೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಇದು ಬರೀ ಹೆಸರಿನ ಮಾತಲ್ಲ. ತಾಲ್ಲೂಕು ತಪ್ಪಿದರೆ ಮುಂದೆ ಓದುವವರು ತಪ್ಪು ದಫ್ತರ ಬಿಚ್ಚುತ್ತಾರೆ.

ಈಗ ‘ಗಣನೀಯ ಇಳಿಕೆ’ಗೆ ಬರೋಣ. 1872ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯಲ್ಲಿ ಇದ್ದವರು ಸುಮಾರು 9 ಲಕ್ಷ 88 ಸಾವಿರ. 1881ರಲ್ಲಿ ಸುಮಾರು 8 ಲಕ್ಷ 83 ಸಾವಿರ. ಒಂದು ಲಕ್ಷಕ್ಕೂ ಮೇಲೆ ಕಡಿಮೆ, ಅಂದರೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ನನ್ನ ಕರಡಿನಲ್ಲಿ ನಾನು ‘ಒಂದು ಲಕ್ಷ ಜನ ಸತ್ತರು’ ಎಂದು ಬರೆದಿದ್ದೆ. ಅದು ನನ್ನ ತಪ್ಪು, ನೀವು ಹಿಡಿಯಬೇಕಿತ್ತು. ನೀವು ಅಂಕಿಯನ್ನೇ ತೆಗೆದು ‘ಗಣನೀಯ’ ಎಂದು ಮುಚ್ಚಿಬಿಟ್ಟಿರಿ. ಎರಡು ಗಣತಿಗಳ ನಡುವಿನ ಕೊರತೆ ಸತ್ತವರ ಲೆಕ್ಕವಲ್ಲ. ಊರು ಬಿಟ್ಟು ಹೋಗಿ ತಿರುಗಿ ಬಾರದವರು ಅದರಲ್ಲಿ ಸೇರಿರುತ್ತಾರೆ. ಇನ್ನೊಂದು ಕಡೆ, 1872ರಿಂದ 1876ರವರೆಗೆ ಹುಟ್ಟಿ ಬರದಲ್ಲೇ ತೀರಿಹೋದ ಕೂಸುಗಳು ಎರಡೂ ಗಣತಿಗಳಲ್ಲಿ ಇಲ್ಲವೇ ಇಲ್ಲ. ಬರದ ವರ್ಷಗಳಲ್ಲಿ ಬಸಿರು ನಿಲ್ಲದೆ ಹುಟ್ಟದೇ ಹೋದವರನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಆದ್ದರಿಂದ ಎರಡು ಅಂಕಿಗಳನ್ನೂ ಕೊಟ್ಟು, ಅವು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂದು ಎರಡು ಸಾಲು ಬರೆಯಿರಿ. ಕೋಶಕ್ಕೆ ಬೇಕಾದ ಶೈಲಿ ಅದೇ.

ಸಾವಿನ ಕಾರಣದ ಬಗೆಗೂ ಹೀಗೇ. ನೀವು ‘ಬಹುಪಾಲು ಸಾವುಗಳು ಕಾಲರಾ, ಜ್ವರ ಮತ್ತು ಭೇದಿಯಿಂದ ಸಂಭವಿಸಿದವು’ ಎಂದಿದ್ದೀರಿ. ಆ ಕಾಲದ ಸಾವಿನ ದಾಖಲೆಗಳಲ್ಲಿ ಸಿಗುವುದು ಅವೇ ಹೆಸರು. ಊರಲ್ಲಿ ಯಾರು ಸತ್ತರೆಂದು ಬರೆಸುವವರು ವೈದ್ಯರಲ್ಲ, ಕೊನೆಯ ದಿನ ಕಣ್ಣಿಗೆ ಕಂಡ ಬೇನೆಯನ್ನು ಅವರು ಬರೆಸಿದರು. ಹಸಿದ ಮೈ ಮೊದಲು ರೋಗಕ್ಕೆ ಸೋಲುತ್ತದೆ. ಬರಗಾಲದ ಸಾವುಗಳು ಹಲವು ಸಲ ಮಳೆ ಮರಳಿ ಬಂದಮೇಲೆ ಏರುವುದೂ ಇದೇ ಕಾರಣಕ್ಕೆ. ನೀರು ನಿಲ್ಲುತ್ತದೆ, ಜ್ವರ ಹಬ್ಬುತ್ತದೆ, ಒಣಗಿದ ಮೈ ತಡೆಯುವುದಿಲ್ಲ. ‘ಜ್ವರದಿಂದ ಸತ್ತರು’ ಎಂಬ ನಿಮ್ಮ ವಾಕ್ಯ ದಾಖಲೆಗೆ ನಿಷ್ಠವಾಗಿದೆ, ಆದರೆ ಅರ್ಧದಲ್ಲೇ ನಿಂತಿದೆ. ‘ದಾಖಲೆಗಳು ಜ್ವರ ಎನ್ನುತ್ತವೆ’ ಎಂದು ಬರೆದು, ಜ್ವರಕ್ಕೂ ಹಸಿವಿಗೂ ಇರುವ ನಂಟನ್ನು ಮುಂದಿನ ವಾಕ್ಯದಲ್ಲಿ ಹೇಳಿ.

ನನಗೆ ತೀರ ಕಷ್ಟವಾದದ್ದು ಪರಿಹಾರ ಕಾಮಗಾರಿಯ ಪ್ಯಾರಾ. ‘ಪರಿಹಾರ ಕಾರ್ಯಗಳನ್ನು ಕೈಗೊಳ್ಳಲಾಯಿತು, ಕೂಲಿ ನೀಡಲಾಯಿತು, ನಂತರ ಕೂಲಿಯನ್ನು ಮರುಹೊಂದಿಸಲಾಯಿತು.’ ನಮ್ಮ ಆಡುಮಾತಿನಲ್ಲಿ ಈ ‘ಲಾಯಿತು’ ಇಲ್ಲ. ‘ಗೌಡರು ಕೂಲಿ ಕಡಿಮಿ ಮಾಡಿದ್ರು’ ಅನ್ನುತ್ತೇವೆಯೇ ಹೊರತು ‘ಕೂಲಿ ಕಡಿಮೆ ಮಾಡಲಾಯಿತು’ ಎಂದು ಯಾರೂ ಅನ್ನುವುದಿಲ್ಲ. ಕಚೇರಿಯ ಕನ್ನಡಕ್ಕೆ ಬಂದ ಈ ರೂಪ ಮಾಡಿದವರನ್ನು ವಾಕ್ಯದಿಂದ ಹೊರಗೆ ಕಳಿಸುತ್ತದೆ. ಇಲ್ಲಿ ಮಾಡಿದವರ ಹೆಸರು ಗೊತ್ತಿದೆ. ವೈಸ್‌ರಾಯ್ ಲಿಟ್ಟನ್ ಬರಪ್ರದೇಶಕ್ಕೆ ಕಳಿಸಿದ ರಿಚರ್ಡ್ ಟೆಂಪಲ್, 1877ರ ಜನವರಿಯಲ್ಲಿ ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳ ಕಾಮಗಾರಿಗಳಲ್ಲಿ ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆಗೆ ಇಳಿಸಿದರು. ಹೆಣ್ಣಾಳಿಗೆ, ದುಡಿಯುವ ಮಕ್ಕಳಿಗೆ ಇನ್ನೂ ತುಸು ಕಡಿಮೆ.

ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ, 80 ತೊಲದ ಸೇರಿನ ಲೆಕ್ಕದಲ್ಲಿ ಅರ್ಧ ಸೇರಿಗೂ ಕಡಿಮೆ. ಕಳೆದ ವಾರ ಅಷ್ಟು ಜೋಳ ತೂಗಿ ಬೀಸಿಸಿಕೊಂಡು ಬಂದೆ. ಮನೆಯಾಕೆ ಬಡಿದಾಗ ಏಳು ರೊಟ್ಟಿಯಾದವು, ಕೊನೆಯದು ಸಣ್ಣದು. ಏಳು ರೊಟ್ಟಿ ಸಾಲದೇ ಎಂದು ಓದುವವರಿಗೆ ಅನ್ನಿಸಬಹುದು, ನನಗೂ ಅನ್ನಿಸಿತು. ಆಮೇಲೆ ಲೆಕ್ಕ ಹಾಕಿದೆ. ಅದರಲ್ಲಿರುವುದು ಹೆಚ್ಚೆಂದರೆ 1,600 ಕ್ಯಾಲೊರಿ. ಇಡೀ ದಿನ ಕಲ್ಲು ಒಡೆದು ಮಣ್ಣು ಹೊರುವ ಆಳಿಗೆ ಅದರ ಎರಡು ಪಟ್ಟಾದರೂ ಬೇಕು. ಬೇಳೆ, ಉಪ್ಪು, ಉರುವಲು, ಕಾಮಗಾರಿಗೆ ಬರಲಾಗದ ಮುದುಕರ ಬಾಯಿ ಎಲ್ಲಕ್ಕೂ ಉಳಿದದ್ದು ಆ ಒಂದಾಣೆ, ಅದೂ ಬರದ ಬೆಲೆಯಲ್ಲಿ. ರೊಟ್ಟಿಗಳನ್ನು ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟಾಗ ಎತ್ತರ ಒಂದು ಗೇಣೂ ಆಗಲಿಲ್ಲ.

ಇಲ್ಲಿಯೂ ಟೆಂಪಲ್‌ರನ್ನು ಬೈಯಬೇಡಿ. 1873-74ರಲ್ಲಿ ಬಿಹಾರದ ಬರದ ಹೊತ್ತಿಗೆ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದ್ದರು, ಅಲ್ಲಿ ಹಸಿವಿನ ಸಾವು ಬಹಳ ಕಡಿಮೆಯಾಗಿತ್ತು. ಅದಕ್ಕೆ ಅವರಿಗೆ ಸಿಕ್ಕಿದ್ದು ದುಂದುವೆಚ್ಚದ ಟೀಕೆ. ಮೂರು ವರ್ಷದ ಮೇಲೆ ದಕ್ಷಿಣಕ್ಕೆ ಬಂದಾಗ ಅವರು ಖರ್ಚು ಹಿಡಿಯಲು ಬಂದವರು. ಮದ್ರಾಸಿನ ಆರೋಗ್ಯ ಅಧಿಕಾರಿ ಕಾರ್ನಿಷ್ ಈ ಕೂಲಿ ಜೀವ ಹಿಡಿಯಲು ಸಾಲದು, ಒಂದೂವರೆ ಪೌಂಡ್ ಬೇಕು ಎಂದು ವಾದಿಸಿದರು. ಮದ್ರಾಸ್ ಸರ್ಕಾರ ಅದೇ ವರ್ಷ ಸ್ವಲ್ಪ ಏರಿಸಿತು. ಮುಂಬಯಿ ಪ್ರಾಂತದಲ್ಲಿ ಕೂಲಿಕಾರರೇ ಕೆಲಸ ಬಿಟ್ಟು ಎದ್ದುಹೋದರು, ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಎರಡೂ ಕಡೆಯವರ ಹೆಸರು, ಮಾತು, ತೂಕ ಇಟ್ಟರೆ ಅದು ನಿಷ್ಪಕ್ಷಪಾತ. ‘ಮರುಹೊಂದಿಸಲಾಯಿತು’ ಎಂಬಲ್ಲಿ ಒಂದೇ ಪಕ್ಷ ಉಳಿದಿದೆ.

ನನ್ನ ಕರಡಿನ ಇನ್ನೊಂದು ಸಾಲನ್ನು ನೀವು ತೆಗೆದಿರಿ: ‘ಇತ್ತ ರೋಣದ ಜನ ಸಾಯುತ್ತಿದ್ದಾಗ ಅತ್ತ ಅವರ ಧಾನ್ಯ ಹಡಗೇರಿತು.’ ತೆಗೆದದ್ದು ಒಳ್ಳೆಯದಾಯಿತು, ಅದು ಸುಳ್ಳು. ಬರದ ಆ ವರ್ಷಗಳಲ್ಲಿ ಹಿಂದೂಸ್ತಾನದಿಂದ ಇಂಗ್ಲೆಂಡಿಗೆ 3 ಲಕ್ಷ ಟನ್‌ಗೂ ಹೆಚ್ಚು ಗೋಧಿ ಹೋಯಿತು, ನಿಜ. ಆದರೆ ಅದು ನಮ್ಮ ಸೀಮೆಯ ಜೋಳವಲ್ಲ. ಇಲ್ಲಿಗೆ ಬೇರೆಡೆಯ ಕಾಳು ತರಲು ರೈಲೇ ಇರಲಿಲ್ಲ. ಗದಗ-ಹೊಟಗಿ ಹಳಿ ಹೊಳೆಆಲೂರಿನ ಮೇಲೆ ಹಾದದ್ದು ಬರ ಕಳೆದ ಎಷ್ಟೋ ವರ್ಷಗಳ ಮೇಲೆ, 1880ರ ದಶಕದಲ್ಲಿ. ಕಾಳು ಬಂದರೆ ಚಕ್ಕಡಿಯಲ್ಲೇ ಬರಬೇಕು, ಚಕ್ಕಡಿ ಎಳೆಯುವ ಎತ್ತಿಗೇ ಮೇವಿಲ್ಲ. ಹೊರಗೆ ಹೋದ ಗೋಧಿ, ಒಳಗೆ ಬಾರದ ಕಾಳು, ಎರಡನ್ನೂ ಒಂದೊಂದು ವಾಕ್ಯದಲ್ಲಿ ಬೇರೆ ಬೇರೆಯಾಗಿ ಹೇಳಿ. ನಾನು ಮಾಡಿದಂತೆ ಎರಡನ್ನೂ ಹೊಸೆಯಬೇಡಿ.

ಕೊನೆಗೆ ಹಗೇವಿನ ಮಾತು. ಗಜೇಂದ್ರಗಡದ ಹತ್ತಿರ ನಮ್ಮ ಅಜ್ಜಿಯ ತವರಿನ ಅಂಗಳದಲ್ಲಿ ಒಂದು ಹಗೇವಿತ್ತು, ಬಾಯಿಗೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಬಾಯಿ ತೆರೆದರೆ ಕೂಡಲೇ ಇಳಿಯುತ್ತಿರಲಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಧಾತು ಸಂವತ್ಸರದಲ್ಲಿ ಆ ಹಗೇವಿನ ತಳ ಬಳಿದು, ಗೋಡೆಗೆ ಹತ್ತಿದ ಮುಗ್ಗಲು ಜೋಳವನ್ನೂ ಕೆರೆದು ತೆಗೆದು, ತೊಳೆದು ಉಂಡರೆಂದು ಅಜ್ಜಿ ಹೇಳುತ್ತಿದ್ದಳು. ಅವಳು ಹುಟ್ಟಿದ್ದೇ ಬರ ಕಳೆದು ಮೂವತ್ತು ವರ್ಷದ ಮೇಲೆ, ಅವಳಿಗೆ ಅದು ಅವಳ ಅಜ್ಜಿಯ ಮಾತು. ನೀವು ‘ಆಧಾರವಿಲ್ಲ’ ಎಂದು ಅದನ್ನು ಬಿಟ್ಟಿರಿ. ಆಧಾರ ಎಷ್ಟಿದೆಯೋ ಅಷ್ಟನ್ನೇ ಹೇಳಿ ಇಟ್ಟುಕೊಳ್ಳಬಹುದು: ಒಂದು ಮನೆತನದಲ್ಲಿ ಹೀಗೊಂದು ಮಾತು ಉಳಿದಿದೆ ಎಂದು.

ಇಷ್ಟನ್ನು ಮನಸ್ಸಿನಲ್ಲಿಟ್ಟು ನಿಮ್ಮ ಮೊದಲ ಪ್ಯಾರಾವನ್ನು ನಾನೇ ಬರೆದು ನೋಡಿದೆ:

‘1876ರಲ್ಲಿ ಮುಂಗಾರು ಸಾಲಲಿಲ್ಲ, ಹಿಂಗಾರಿ ಬರಲಿಲ್ಲ. ಧಾರವಾಡ ಜಿಲ್ಲೆಯ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ಬೆಳೆಯಲಿಲ್ಲ. ಸರ್ಕಾರ ಬರ ಕಾಮಗಾರಿ ತೆರೆಯಿತು. 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆಗೆ ಇಳಿಸಿದರು. 1872ರಲ್ಲಿ ಜಿಲ್ಲೆಯಲ್ಲಿದ್ದ ಸುಮಾರು 9 ಲಕ್ಷ 88 ಸಾವಿರ ಜನ 1881ರಲ್ಲಿ ಸುಮಾರು 8 ಲಕ್ಷ 83 ಸಾವಿರ ಆಗಿದ್ದರು. ಬಹಳ ಜನ ಸತ್ತರು, ಕೆಲವರು ಊರು ಬಿಟ್ಟರು.’

ಇದರಲ್ಲಿ ಒಂದೇ ಒಂದು ಭಾವದ ಮಾತು ಸಿಕ್ಕರೂ ಹೊಡೆದು ಹಾಕಿ. ಅಚ್ಚಿಗೆ ಕಳಿಸುವ ಮೊದಲು ‘ಸತ್ತರು’ ಎಂಬುದನ್ನು ಯಾರಾದರೂ ‘ಮರಣ ಸಂಭವಿಸಿತು’ ಎಂದು ತಿದ್ದಿದ್ದಾರೆಯೇ ಎಂದು ಒಮ್ಮೆ ನೋಡಿ, ತಿದ್ದಿದ್ದರೆ ನನಗೊಂದು ಫೋನ್ ಮಾಡಿ.

ನಿಮ್ಮ ಕರಡನ್ನು ಮೂರು ಸಲ ಓದಿದ,
ರೋಣ ತಾಲ್ಲೂಕಿನ ಒಬ್ಬ ನಿವೃತ್ತ ಮಾಸ್ತರ