ಬ್ಯಾಕಪ್ ಇದೆ, ನಿಮಗಲ್ಲ

ನಮ್ಮಲ್ಲಿ ಎಷ್ಟೋ ಜನರ ಜಿಮೇಲ್ ವಿಳಾಸ ಅವರಿಗಿಂತ ಚೆನ್ನಾಗಿ ಮೊಬೈಲ್ ಅಂಗಡಿಯ ಹುಡುಗನಿಗೆ ಗೊತ್ತು. "ಅಂಕಲ್, ಜಿಮೇಲ್ ಇದ್ಯಾ?" "ಅದೆಲ್ಲ ನಂಗ್ಯಾಕಪ್ಪಾ, ನೀನೇ ಒಂದು ಮಾಡ್ಕೊಡು." ಅವನು ಹೆಸರಿಗೆ ನಾಲ್ಕು ಅಂಕಿ ಅಂಟಿಸಿ, ಬಾಯಿಗೆ ಬಂದ ಪಾಸ್‌ವರ್ಡ್ ಇಟ್ಟು ಕೈತೊಳೆದುಕೊಳ್ಳುತ್ತಾನೆ. ಮುಂದಿನ ಫೋನಿಗೆ ಬೇರೆ ಅಂಗಡಿ, ಬೇರೆ ಹುಡುಗ, ಬೇರೆ ಜಿಮೇಲ್.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಹೀಗೆಯೇ ಹೊಸ ಫೋನಿನಲ್ಲಿ ವಾಟ್ಸಾಪ್ ಹಾಕಿಸಿದರು. ಓಟಿಪಿ ಬಂತು, ಗುಂಪುಗಳು ಬಂದವು, ಹಳೆಯ ಮಾತು ಒಂದೂ ಬರಲಿಲ್ಲ. ಬರುವುದಾದರೂ ಹೇಗೆ? ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂತಿರುವುದು ಗೂಗಲ್ ಖಾತೆಯಲ್ಲಿ. ಅದು ತಾಲ್ಲೂಕು ಕಚೇರಿಯ ಗುಮಾಸ್ತನಂತೆ: ಬ್ಯಾಕಪ್ ಮಾಡಿದ ಅದೇ ಖಾತೆ, ಅದೇ ನಂಬರು, ಎರಡೂ ತಂದರೆ ಮಾತ್ರ ಕಡತ ಹೊರಗೆ. ಒಂದು ತಪ್ಪಿದರೂ "ಅಂಥ ಕಡತವೇ ಇಲ್ಲ".

ಹಾಗಂತ ಕಡತ ಸುಟ್ಟುಹೋಗಿಲ್ಲ. ಹಳೇ ಫೋನಿನ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್ ತೆರೆದರೆ ಯಾವ ಖಾತೆ, ಕೊನೆಯ ಬ್ಯಾಕಪ್ ಯಾವತ್ತಿನದು ಎಂದು ಬರೆದಿರುತ್ತದೆ. ಆ ಖಾತೆಯನ್ನು ಹೊಸ ಫೋನಿಗೆ ಸೇರಿಸಿ, ವಾಟ್ಸಾಪ್ ಕಿತ್ತುಹಾಕಿ ಮತ್ತೆ ಹಾಕಬೇಕು. ಏಕೆಂದರೆ "ಹಳೆಯದು ಬೇಕೇ?" ಎಂದು ಅದು ಕೇಳುವುದು ನಂಬರು ಖಚಿತವಾದ ಹೊತ್ತಿನಲ್ಲಿ ಮಾತ್ರ. ಅವಸರದ ಬೆರಳು ಅದನ್ನು ದಾಟಿಸಿಬಿಟ್ಟರೆ, ಆಮೇಲೆ ಯಾವ ಮೆನುವಿನಲ್ಲಿ ಹುಡುಕಿದರೂ ಆ ಪ್ರಶ್ನೆ ಸಿಗುವುದಿಲ್ಲ.

ಮೇಷ್ಟ್ರಿಗೆ ವಿಳಾಸ ಸಿಕ್ಕಿತು, ಪಾಸ್‌ವರ್ಡ್ ಸಿಗಲಿಲ್ಲ. ಮರೆತಿದ್ದೇನೆ ಎಂದರೆ ಸಂಕೇತ ಹೋಗುವುದು ಖಾತೆ ಮಾಡಿದ ಹುಡುಗನ ಮೊಬೈಲಿಗೆ! ಪುಣ್ಯಕ್ಕೆ ಅವನಿನ್ನೂ ಆ ಅಂಗಡಿಯಲ್ಲೇ ಇದ್ದ. ಮೇಷ್ಟ್ರ ನಲವತ್ತು ವರ್ಷದ ಶಿಷ್ಯಕೋಟಿಯಿದ್ದೂ ಕಷ್ಟಕ್ಕೆ ಆದವನು, ಅವರ ಕೈಯಲ್ಲಿ ಓದದ ಅವನೊಬ್ಬನೇ.

ಈ ನಡುವೆ ಮಗರಾಯ "ಒಳ್ಳೇ ಪ್ಲ್ಯಾನ್ ಇದೆಯಪ್ಪಾ" ಅಂತ ಹೊಸ ಸಿಮ್ ತಂದ. ಅದನ್ನು ಮೊದಲೇ ಹಾಕಿದ್ದರೆ ಖಾತೆ ಸರಿಯಿದ್ದೂ ಬ್ಯಾಕಪ್ ಕಣ್ಣಿಗೆ ಬೀಳುತ್ತಿರಲಿಲ್ಲ. ನಂಬರು ಬದಲಿಸುವುದಿದ್ದರೆ ಹಳೇ ಫೋನಿನ ವಾಟ್ಸಾಪಿನಲ್ಲೇ ಬದಲಿಸಿ, ಹೊಸದಾಗಿ ಬ್ಯಾಕಪ್ ತೆಗೆದು, ಆಮೇಲೆ ಫೋನು ಬಿಡಬೇಕು. ಮಗನಿಗೆ ಅದು ಗೊತ್ತಿರಲಿಲ್ಲ. ಇಂಜಿನಿಯರು, ಪಾಪ.

ಅಂತೂ ಕಡತ ತೆರೆಯಿತು. ಆದರೆ 2024ರಿಂದ ಈ ಬ್ಯಾಕಪ್ಪೂ ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯ ಲೆಕ್ಕಕ್ಕೇ ಸೇರುತ್ತದೆ. ಮೇಲ್, ಫೋಟೋ ಎಲ್ಲದಕ್ಕೂ ಇರುವುದು ಅಷ್ಟೇ ಜಾಗ. ಮೇಷ್ಟ್ರ ಪಾಲು ಗುಲಾಬಿ ಹೂವಿನ ಶುಭೋದಯಗಳಿಂದ ಯುಗಾದಿಗೇ ತುಂಬಿಹೋಗಿತ್ತು. ಅಂದಿನಿಂದ ಬ್ಯಾಕಪ್ ನಿಂತಿತ್ತು. ಫೋನು ಕೊಟ್ಟ ಎಚ್ಚರಿಕೆಯನ್ನು ಅವರು ಜಾಹೀರಾತೆಂದು ದಿನಾ ಒರೆಸಿ ಹಾಕುತ್ತಿದ್ದರು. ಯುಗಾದಿಯವರೆಗಿನ ಗುಲಾಬಿಗಳು ಒಂದೂ ಬಿಡದೆ ಬಂದವು. ವಕೀಲರು ಸೈಟಿನ ಪತ್ರ ಕಳಿಸಿದ್ದು ಯುಗಾದಿ ಕಳೆದ ಮೇಲೆ.