ಪದಕ್ಕೆಷ್ಟು ಸ್ವಾಮಿ?

ನಮ್ಮ ಅಕ್ಕನ ಮಗ ತುಮಕೂರಿನಲ್ಲಿ ಫ್ರೀಲಾನ್ಸ್ ಬರಹಗಾರ ಆಗಿದ್ದಾನೆ. ಆಗಿದ್ದಾನೆ ಅಂದರೆ, ವಿಸಿಟಿಂಗ್ ಕಾರ್ಡ್ ಮಾಡಿಸಿದ್ದಾನೆ. ಲೇಖನ, ಅನುವಾದ, ಜಾಹೀರಾತು, ಭಾಷಣ, ಬೀಳ್ಕೊಡುಗೆಯ ಅಭಿನಂದನಾ ಪತ್ರ, ಎಲ್ಲವನ್ನೂ ಅಚ್ಚು ಹಾಕಿಸಿದ್ದಾನೆ. ಎಷ್ಟು ದುಡ್ಡು ಅನ್ನೋದೊಂದು ಬಿಟ್ಟು. ಮೊನ್ನೆ ಫೋನ್ ಮಾಡಿ, “ಮಾಮ, ಡ್ರಿಪ್ ಪೈಪಿನ ಡೀಲರ್ ಒಬ್ಬರು ಕೆಲಸ ಕೊಟ್ಟಿದ್ದಾರೆ. ಪದಕ್ಕೆ ನಲವತ್ತು ಪೈಸೆ ಅಂತೆ. ಒಪ್ಕೊಳ್ಲಾ?” ಅಂದ.

“ಎಷ್ಟು ಪದ?”

“1,200. ರೈತರಿಗೆ ಹಂಚೋ ಕಿರುಪುಸ್ತಕ. ಫಿಲ್ಟರ್ ಯಾವಾಗ ತೊಳೀಬೇಕು, ಪೈಪಿನಲ್ಲಿ ಉಪ್ಪು ಕಟ್ಟಿದರೆ ಆಸಿಡ್ ಹೇಗೆ ಬಿಡಬೇಕು, ಇಂಥವು.”

“ಅಂದ್ರೆ 480 ರೂಪಾಯಿ. ಎಷ್ಟು ಹೊತ್ತು ಹಿಡಿಯುತ್ತೆ?”

“ಬರೆಯೋದಾ? ಮೂರು ಗಂಟೆ ಸಾಕು.”

ಇಲ್ಲೇ ನೋಡಿ ಹುಡುಗರು ಮುಗ್ಗರಿಸೋದು. ಬರೆಯೋದು ಮೂರು ಗಂಟೆಯೇ, ನಿಜ. ಅದಕ್ಕೆ ಮುಂಚೆ ಡೀಲರ್ ಅಂಗಡಿಗೆ ಹೋಗಿ, ಅವರು ಗಿರಾಕಿಗೆ ಪೈಪ್ ಅಳೆದು ಕೊಡುವ ತನಕ ಸ್ಟೂಲ್ ಮೇಲೆ ಕೂತು, ಕಂಪನಿಯ ಕ್ಯಾಟಲಾಗ್ ಓದಿ, ಆಸಿಡ್ ವಿಷಯದಲ್ಲಿ ತಪ್ಪು ಬರೆದು ರೈತನ ಕೈ ಸುಡಬಾರದು ಅಂತ ಇನ್ನೊಬ್ಬರನ್ನು ಕೇಳಿ ತಿಳಿದುಕೊಳ್ಳೋಕೆ ಮೂರು ಗಂಟೆ. ಬರೆದು ಕೊಟ್ಟ ಮೇಲೆ ಯಜಮಾನರು ಒಂದು ಸಲ ತಿದ್ದಿಸುತ್ತಾರೆ. ಆಮೇಲೆ ಬೆಂಗಳೂರಿನಲ್ಲಿ ಎಂಬಿಎ ಓದುವ ಅವರ ಮಗ ರಜಕ್ಕೆ ಬಂದು, ಯಜಮಾನರು ತಿದ್ದಿಸಿದ್ದನ್ನೆಲ್ಲ ಮೊದಲಿದ್ದ ಹಾಗೇ ಮಾಡಿಸುತ್ತಾನೆ. ಅದು ಎರಡು ಗಂಟೆ. ಕಡೆಗೆ ಪ್ರೆಸ್ಸಿನವರು, “ಯೂನಿಕೋಡ್ ನಮಗಾಗಲ್ಲ, ನುಡಿಯಲ್ಲಿ ಕೊಡಿ” ಅಂತಾರೆ. ಬದಲಾಯಿಸಿದರೆ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ. ಕೂತು ಸರಿಮಾಡೋಕೆ ಮತ್ತೊಂದು ಗಂಟೆ. ಒಟ್ಟು ಒಂಬತ್ತು. 480ನ್ನು ಒಂಬತ್ತರಿಂದ ಭಾಗಿಸಿದರೆ ಗಂಟೆಗೆ ಐವತ್ಮೂರು ರೂಪಾಯಿ ಚಿಲ್ಲರೆ.

“ಪಕ್ಕದ ಮನೆ ಕಟ್ತಾ ಇರೋ ಗಾರೆ ಮೇಸ್ತ್ರಿಯನ್ನ ದಿನಕ್ಕೆಷ್ಟು ಅಂತ ಮಾತ್ರ ಕೇಳಬೇಡ ಕಣೋ, ಬರೆಯೋದು ಬಿಟ್ಟು ಕರಣೆ ಹಿಡೀತೀಯ” ಅಂದೆ.

ಪದಕ್ಕೆ ಇಷ್ಟು ಅನ್ನೋದು ಹೊರಗಿನವರಿಗೆ ಹೇಳುವ ಬೆಲೆ. ಒಳಗೆ ಲೆಕ್ಕ ಹಾಕಬೇಕಾದ್ದು ಗಂಟೆಯದ್ದು. ಅವನ ಲೆಕ್ಕ ನಾವಿಬ್ಬರೂ ಸೇರಿ ಹಾಕಿದೆವು. ತಿಂಗಳಿಗೆ ಕೈಗೆ 25,000 ಬರಬೇಕು ಅಂದ. ನೆಟ್ಟು, ಕರೆಂಟು, ಓಡಾಟ, ಲ್ಯಾಪ್‌ಟಾಪಿನ ಸವಕಳಿ ಅಂತ 3,000 ಸೇರಿಸಿದೆವು, 28,000 ಆಯ್ತು. ತಿಂಗಳಿಗೆ 22 ದಿನ ಕೆಲಸ ಅಂತಿಟ್ಟುಕೊಳ್ಳಿ. ದಿನಕ್ಕೆ ಎಂಟು ಗಂಟೆ ಅಂತ ಗುಣಿಸೋಕೆ ಹೊರಟ, ತಡೆದೆ. ಎಂಟರಲ್ಲಿ ನಾಲ್ಕು ಗಂಟೆ ಗಿರಾಕಿ ಹುಡುಕೋದು, ಬಿಲ್ಲು ಬರೆಯೋದು, “ಸರ್, ಪೇಮೆಂಟ್ ಏನಾಯ್ತು” ಅಂತ ಮೆಸೇಜು ಹಾಕಿ ನೀಲಿ ಗೆರೆ ಬಂತಾ ಅಂತ ನೋಡೋದು, ಇದಕ್ಕೇ ಹೋಗುತ್ತೆ. ಯಾರೂ ಅದಕ್ಕೆ ಕಾಸು ಕೊಡಲ್ಲ. ಹಾಗಾಗಿ ಮಾರೋಕೆ ಸಿಗೋದು ತಿಂಗಳಿಗೆ 88 ಗಂಟೆ. ಗಂಟೆಗೆ ಹತ್ತಿರಹತ್ತಿರ 320 ರೂಪಾಯಿ ಬಿತ್ತು.

ಒಂಬತ್ತು ಗಂಟೆಗೆ 2,880. ಅದನ್ನು 1,200 ಪದಕ್ಕೆ ಹಂಚಿದರೆ ಪದಕ್ಕೆ ಎರಡು ರೂಪಾಯಿ ನಲವತ್ತು ಪೈಸೆ. ಹುಡುಗ ಮಾತೇ ಆಡಲಿಲ್ಲ. ಡೀಲರ್ ಕೇಳಿದರೆ ಪೈಪಿನಲ್ಲೇ ಬಾರಿಸ್ತಾರೆ ಅನ್ನೋ ಭಯ. ಆದರೆ ಆ ಒಂಬತ್ತು ಗಂಟೆಯಲ್ಲಿ ಕೊಬ್ಬೂ ಇದೆ. ಅಂಗಡಿಗೆ ಹೋಗುವ ಮುಂಚೆ ಪ್ರಶ್ನೆ ಬರೆದುಕೊಂಡು ಹೋದರೆ ಮೂರು ಗಂಟೆ ಎರಡಾಗುತ್ತೆ. ತಿದ್ದುಪಡಿ ಒಂದೇ ಸಲ, ಅಪ್ಪ ಮಗ ಕೂತು ಜಗಳ ಮುಗಿಸಿಕೊಂಡೇ ಹೇಳಬೇಕು ಅಂತ ಮೊದಲೇ ಹೇಳಿದರೆ ಅದು ಒಂದು ಗಂಟೆ. ನುಡಿಗೆ ಬದಲಾಯಿಸೋದಕ್ಕೆ ಬೇರೆ ಚಾರ್ಜು. ಉಳಿದದ್ದು ಆರು ಗಂಟೆ, 1,920 ರೂಪಾಯಿ, ಪದಕ್ಕೆ ಒಂದು ಅರವತ್ತು. ಇದಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ಬಾಯಿ ಬಿಟ್ಟು ಕೇಳೋದು ಎರಡು ರೂಪಾಯಿ. ನಮ್ಮೂರಲ್ಲಿ ಚೌಕಾಸಿ ಮಾಡದೆ ಯಾರೂ ಏನನ್ನೂ ಕೊಳ್ಳಲ್ಲವಲ್ಲ, ಅದಕ್ಕೆ ನಲವತ್ತು ಪೈಸೆ ಜಾಗ ಇರಲಿ.

ಇನ್ನು ಪದ ಅಂದರೆ ಯಾವ ಪದ? ಇದು ತರ್ಲೆ ಪ್ರಶ್ನೆ ಅಲ್ಲ, ಅನುವಾದದ ಕೆಲಸದಲ್ಲಿ ಅರ್ಧ ಜಗಳ ಇಲ್ಲೇ ಹುಟ್ಟೋದು. ಕಂಪ್ಯೂಟರಿಗೆ ಎರಡು ಖಾಲಿ ಜಾಗದ ನಡುವೆ ಇರೋದೆಲ್ಲ ಒಂದು ಪದ. ಇಂಗ್ಲಿಷಿನಲ್ಲಿ ಐದಾರು ತುಂಡಾಗಿ ಬಿದ್ದಿರುವುದನ್ನು ನಮ್ಮ ಭಾಷೆ “ತೊಳೆಯಬೇಕಾಗಿರುವುದರಿಂದ” ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸುತ್ತೆ. ವಿಭಕ್ತಿ, ಕಾಲ, ಕಾರಣ ಎಲ್ಲ ಒಂದೇ ಗಂಟಿನಲ್ಲಿ. ಹಾಗಾಗಿ 1,000 ಪದದ ಇಂಗ್ಲಿಷ್ ಹಾಳೆ ಕನ್ನಡಕ್ಕೆ ಬಂದಾಗ 700ರ ಆಸುಪಾಸಿಗೆ ಇಳಿದರೆ ಆಶ್ಚರ್ಯ ಇಲ್ಲ. ಪದಕ್ಕೆ ಎರಡು ರೂಪಾಯಿ ಅಂತ ಒಪ್ಪಿಕೊಂಡು, ಯಾವ ಭಾಷೆಯ ಪದ ಅಂತ ಕೇಳದೇ ಬಿಟ್ಟರೆ ಅಲ್ಲೇ 600 ರೂಪಾಯಿ ಕೈಬಿಟ್ಟ ಹಾಗೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಮೂಲದ ಪದಗಳನ್ನೇ ಎಣಿಸಬೇಕು. ಮೂಲದ ಲೆಕ್ಕ ಕೆಲಸ ಶುರುವಾಗುವ ಮುಂಚೆಯೇ ಇಬ್ಬರಿಗೂ ಗೊತ್ತಿರುತ್ತೆ, ಆಮೇಲೆ ಎಳೆದಾಟ ಇಲ್ಲ. ಒಬ್ಬ ಮಹಾನುಭಾವ ಕನ್ನಡದ ಲೆಕ್ಕಕ್ಕೇ ಒಪ್ಪಿ, “ತೊಳೆಯ ಬೇಕಾಗಿ ರುವುದ ರಿಂದ” ಅಂತ ಬಿಡಿಸಿ ಬಿಡಿಸಿ ಬರೆದು ಕಳಿಸಿದ್ದನಂತೆ. ಗಿರಾಕಿ ಓದಿ, “ಇವರಿಗೆ ಉಬ್ಬಸ ಏನಾದ್ರೂ ಇದೆಯಾ?” ಅಂದರಂತೆ.

ಪದದ ಲೆಕ್ಕ ಸಣ್ಣ ಕೆಲಸಕ್ಕೆ ಒಗ್ಗೋದೇ ಇಲ್ಲ. 2024ರ ತಿದ್ದುಪಡಿ ಬಂದ ಮೇಲೆ ಅಂಗಡಿ ಬೋರ್ಡಿನಲ್ಲಿ ಅರವತ್ತು ಪರ್ಸೆಂಟ್ ಕನ್ನಡ ಇರಬೇಕಾಗಿದೆ. ಯಾರೋ ಬಂದು ಬೋರ್ಡಿಗೆ ನಾಲ್ಕು ಪದ ಬರೆದುಕೊಡಿ ಅಂದರೆ ಎಂಟು ರೂಪಾಯಿ ಬಿಲ್ಲು ಮಾಡ್ತೀಯಾ? ಆ ನಾಲ್ಕು ಪದಕ್ಕೆ ಒಂದು ದಿನ ತಲೆ ಕೆರೆದುಕೊಂಡಿರ್ತೀಯ. ಅದಕ್ಕೇ ಕನಿಷ್ಠ ಚಾರ್ಜು ಅಂತ ಒಂದಿರಬೇಕು. ನಾಲ್ಕು ಪದವೋ ನಾನೂರು ಪದವೋ, ಪೆನ್ನಿನ ಕ್ಯಾಪು ತೆಗೆದರೆ 1,000 ರೂಪಾಯಿ. ಪತ್ರಿಕೆಗಳ ಲೋಕ ಬೇರೆ. ಅಲ್ಲಿ ಪದಕ್ಕಲ್ಲ, ಲೇಖನಕ್ಕೆ ಗೌರವಧನ. ಗೌರವ ತಕ್ಷಣ ಬರುತ್ತೆ, ಧನ ನಿಧಾನವಾಗಿ.

ಸರಿ, ಎರಡು ರೂಪಾಯಿ ಕೊಡುವ ಪುಣ್ಯಾತ್ಮರು ಎಲ್ಲಿ ಸಿಗ್ತಾರೆ? ಹುಡುಗ ಮೊಬೈಲಿನಲ್ಲಿ ಹುಡುಕ್ತಾ ಇದ್ದ. ಅಲ್ಲಿ “ಮನೆಯಲ್ಲೇ ಕೂತು ಟೈಪ್ ಮಾಡಿ ಸಾವಿರಾರು ಗಳಿಸಿ” ಅನ್ನೋರೇ ಹೆಚ್ಚು. ಮೊದಲು ನೋಂದಣಿಗೆ ದುಡ್ಡು ಕಟ್ಟಿ ಅಂತಾರೆ. ಇಲ್ಲವೇ ಕೆಲಸ ಮಾಡಿಸಿಕೊಂಡು, ತಪ್ಪು ಜಾಸ್ತಿ, ಒಪ್ಪಂದ ಮುರಿದಿದ್ದೀರಿ ಅಂತ ಸುಳ್ಳು ವಕೀಲರ ನೋಟಿಸ್ ಕಳಿಸಿ ಹೆದರಿಸ್ತಾರೆ. ಕೆಲಸ ಕೊಡುವವನು ನಿನ್ನಿಂದಲೇ ದುಡ್ಡು ಕೇಳಿದ ಅಂದರೆ ಅಲ್ಲಿಗೆ ಮುಗೀತು, ಎದ್ದು ಬಾ. ಸ್ಯಾಂಪಲ್ ಅಂತ ಸಾವಿರ ಪದ ಬಿಟ್ಟಿ ಬರೆಸಿಕೊಳ್ಳೋರದ್ದೂ ಅದೇ ಜಾತಿ. ಇನ್ನೂರು ಪದ ಬರೆದು ತೋರಿಸು, ಸಾಕು. ಇನ್ನೂರರಲ್ಲಿ ಗೊತ್ತಾಗದ ಬರವಣಿಗೆ ಸಾವಿರದಲ್ಲಿ ಗೊತ್ತಾಗುತ್ತಾ?

ಗಿರಾಕಿಗಳ ಪಟ್ಟಿ ನಿಜವಾಗಿ ದಿನಾ ಬೆಳಿಗ್ಗೆ ಮನೆ ಬಾಗಿಲಿಗೇ ಬಂದು ಬೀಳುತ್ತೆ. ಪೇಪರಿನ ಮಡಿಕೆಯಿಂದ ಜಾರುವ ಕರಪತ್ರಗಳು! ನಾವು ಅದನ್ನು ಚಪಾತಿ ಡಬ್ಬಿಯ ತಳಕ್ಕೆ ಹಾಕಿಬಿಡ್ತೀವಿ. ಹಲ್ಲಿನ ಆಸ್ಪತ್ರೆ, ನರ್ಸರಿ ಶಾಲೆ, ಗಾಣದ ಎಣ್ಣೆ, ಸೋಲಾರ್ ಹೀಟರ್, ಬಡಾವಣೆಯ ಸೈಟು. ಇವರೆಲ್ಲ ಅಚ್ಚು ಹಾಕಿಸೋಕೆ, ಪೇಪರಿನೊಳಗೆ ಸೇರಿಸೋಕೆ ಆಗಲೇ ದುಡ್ಡು ಬಿಚ್ಚಿರುವ ಜನ. ದುಡ್ಡೇ ಬಿಚ್ಚದವನಿಗೆ ಬರವಣಿಗೆಯ ಮಹತ್ವ ವಿವರಿಸೋದಕ್ಕಿಂತ ಇವರ ಬಾಗಿಲು ತಟ್ಟೋದು ಸುಲಭ. ಒಂದು ತಿಂಗಳ ಕರಪತ್ರ ಕೂಡಿಹಾಕು, ಕನ್ನಡ ಕೈಕಾಲು ಮುರಿದುಕೊಂಡು ಬಿದ್ದಿರುವ ಹತ್ತನ್ನು ಆರಿಸು, ಒಂದೊಂದರಲ್ಲಿ ಒಂದೇ ಪ್ಯಾರಾ ಚೆನ್ನಾಗಿ ಬರೆದು ತಗೊಂಡು ಹೋಗು ಅಂದೆ. ಒಂದು ಎಚ್ಚರ: “ನಿಮ್ಮ ಕರಪತ್ರ ಕೆಟ್ಟದಾಗಿದೆ” ಅನ್ನಬೇಡ. ಅದನ್ನು ಬರೆದವರು ಯಜಮಾನರ ಭಾವಮೈದುನ ಆಗಿರ್ತಾರೆ, ಅಲ್ಲೇ ಗಲ್ಲಾದಲ್ಲಿ ಕೂತಿರ್ತಾರೆ.

ಇನ್ನೊಂದು ಜಾಗ ಡಿಟಿಪಿ ಅಂಗಡಿ. ಅಲ್ಲಿಗೆ ಬರೋರಲ್ಲಿ ಅರ್ಧ ಜನ ಖಾಲಿ ಕೈಯಲ್ಲಿ ಬಂದು, “ನೀವೇ ಏನಾದ್ರೂ ಚೆನ್ನಾಗಿರೋದು ಹಾಕ್ಬಿಡಿ” ಅಂತಾರೆ. ಪಾಪ, ಆಪರೇಟರ್ ಹಳೇ ಫೈಲು ತೆಗೆದು ಹೆಸರು ಬದಲಾಯಿಸಿ ಕೊಡ್ತಾನೆ. ಅದಕ್ಕೇ ಊರಿನ ಎಲ್ಲ ಶಾಲೆಗಳಲ್ಲೂ “ನುರಿತ ಶಿಕ್ಷಕ ವೃಂದ”, ಎಲ್ಲ ಕ್ಲಿನಿಕ್ಕಿನಲ್ಲೂ “ನಗುಮೊಗದ ಸೇವೆ”. ಆ ಆಪರೇಟರ್‌ಗೆ ಹತ್ತು ಪರ್ಸೆಂಟ್ ಅಂತ ಮಾತಾಡಿಕೊಂಡರೆ ಅವನ ತಲೆನೋವೂ ಹೋಯ್ತು, ನಿನಗೆ ಕೆಲಸವೂ ಬಂತು. ಸಹಕಾರ ಸಂಘಗಳ ಮಹಾಸಭೆ ನಡೆಯೋ ಆಗಸ್ಟ್–ಸೆಪ್ಟೆಂಬರ್‌ನಲ್ಲಂತೂ ವಾರ್ಷಿಕ ವರದಿಗಳು ಅಲ್ಲಿ ಸಾಲುಗಟ್ಟಿರ್ತವೆ.

ಡೀಲರ್ ಕಥೆ ಏನಾಯ್ತು ಅಂತೀರಾ? ಹುಡುಗ ಹೋಗಿ ಎರಡು ರೂಪಾಯಿ ಅಂದ. ಅವರು, “ಏನಪ್ಪಾ, ಒಂದು ಮೀಟರ್ ಪೈಪಿಗಿಂತ ನಿನ್ನ ಒಂದು ಪದ ಉದ್ದ ಇದೆಯಾ?” ಅಂದರಂತೆ. ಇವನು ನಾನು ಹೇಳಿಕೊಟ್ಟ ಹಾಗೆ ರೇಟು ಇಳಿಸಲಿಲ್ಲ, ಕೆಲಸ ಇಳಿಸಿದ. “ಸರ್, 1,200 ಪದ ಯಾವ ರೈತರು ಓದ್ತಾರೆ? 800ರಲ್ಲಿ ಮುಗಿಸ್ತೀನಿ. ಪುಟ ಕಮ್ಮಿಯಾಗುತ್ತೆ, ಪ್ರಿಂಟಿಂಗ್ ಖರ್ಚೂ ಉಳಿಯುತ್ತೆ.” 1,600 ರೂಪಾಯಿಗೆ ಕುದುರಿತು. ಅಲ್ಲೇ ನಿಂತು ವಾಟ್ಸ್ಯಾಪಿನಲ್ಲಿ ಬರೆದು ಕಳಿಸಿದ: 800 ಪದ, ಹತ್ತು ದಿನ, ತಿದ್ದುಪಡಿ ಒಂದು ಸಲ, ನುಡಿಯಲ್ಲಿ ಬೇಕಿದ್ದರೆ 200 ಜಾಸ್ತಿ, ಅರ್ಧ ಅಡ್ವಾನ್ಸ್, ಉಳಿದದ್ದು ಫೈಲ್ ಕೊಟ್ಟ ಹದಿನೈದು ದಿನದೊಳಗೆ. ಅವರು ಹೆಬ್ಬೆಟ್ಟಿನ ಚಿತ್ರ ಒತ್ತಿದರು. ಹೆಬ್ಬೆಟ್ಟು ಒತ್ತಿಸಿಕೊಂಡು ಸಾಲ ಕೊಡ್ತಿದ್ದ ಕಾಲದಿಂದ ಇಲ್ಲೀತನಕ ಅದಕ್ಕೊಂದು ಬೆಲೆ ಇದ್ದೇ ಇದೆ.

ಅಡ್ವಾನ್ಸ್ 800 ಅವತ್ತೇ ಬಂತು. ಉಳಿದ 800ಕ್ಕೆ ಈಗ ಓಡಾಟ. ಉದ್ಯಮ್ ಪೋರ್ಟಲಿನಲ್ಲಿ ಪುಕ್ಕಟೆಯಾಗಿ ನೋಂದಾಯಿಸಿಕೊಳ್ಳೋ ಅಂತ ಹೇಳಿದ್ದೆ, ಮಾಡಿಕೊಂಡಿದ್ದಾನೆ. ಹಾಗೆ ನೋಂದಾಯಿಸಿಕೊಂಡ ಸಣ್ಣ ಉದ್ದಿಮೆಯವರಿಗೆ ಎಷ್ಟೇ ಗಡುವು ಮಾತಾಡಿದ್ದರೂ 45 ದಿನದ ಮೇಲೆ ಬಾಕಿ ಉಳಿಸುವ ಹಾಗಿಲ್ಲ, ಉಳಿಸಿದರೆ ಬಡ್ಡಿ ಕೊಡಬೇಕು ಅಂತ 2006ರ ಕಾಯ್ದೆಯೇ ಇದೆ. ಆದರೆ 800 ರೂಪಾಯಿಗೆ ಕಾಯ್ದೆ ಹಿಡಿದು ಹೋಗೋದು ಬೇಡ, ಅಂಗಡಿಯ ಲೆಕ್ಕ ಬರೆಯೋ ಹುಡುಗಿಯನ್ನ ಕೇಳು ಅಂದೆ. ಕೇಳಿದ್ದಾನೆ. “ನೀವು ಬಿಲ್ಲೇ ಕೊಟ್ಟಿಲ್ಲವಲ್ಲ ಸರ್, ಕಾರ್ಡ್ ಕೊಟ್ಟು ಹೋಗಿದ್ದೀರ” ಅಂದಳಂತೆ.